ಸಭೆಗೆ ಹೋದದ್ದು ಮೊದಲ ಹಾಳೆ ಮಾತ್ರ

ಕನ್ನಡಕದಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಆಫೀಸು. ಎರಡು ಮೇಜು, ಒಂದು ಕಪಾಟು, ಬೀದಿಯ ಕಡೆಗೆ ತೆರೆಯುವ ಕಿಟಕಿ. ಬೇಸಿಗೆಯಲ್ಲಿ ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಸೆಕೆ. ಬಾಗಿಲಿನ ಫಲಕದಲ್ಲಿ ಅವಳ ಹೆಸರಿನ ಕೆಳಗೆ 'ವಿಮಾ ಬ್ರೋಕರ್' ಎಂದಿತ್ತು. ಬೀದಿಯವರು ಆ ಹೆಸರನ್ನು ಬಳಸುತ್ತಿರಲಿಲ್ಲ. ಅವರಿಗೆ ಅವಳು ಷರತ್ತಮ್ಮ. ಯಾರು ಯಾವ ಪಾಲಿಸಿ ತಂದು ತೋರಿಸಿದರೂ ಅವಳ ಬಾಯಿಂದ ಬರುವ ಮೊದಲ ಮಾತು, "ಷರತ್ತು ಏನಂತ ಓದಿದ್ರಾ?" ಅದಕ್ಕೇ ಆ ಹೆಸರು ಅಂಟಿಕೊಂಡಿತ್ತು. ಕೆಳಗಿನ ಕನ್ನಡಕದವನು ಒಮ್ಮೆ, "ಮೇಡಂ, ನಿಮ್ಮ ಮದುವೆ ಆಗದೇ ಇದ್ದಿದ್ದು ಇದಕ್ಕೇ. ಗಂಡಿನ ಹತ್ರಾನೂ ಷರತ್ತು ಓದಿದ್ರಾ ಅಂತ ಕೇಳಿರ್ತೀರಿ" ಎಂದಿದ್ದ. ಅವಳು ಮನಸಾರೆ ನಕ್ಕಿದ್ದಳು.

ಅಕ್ಕನೊಬ್ಬಳೇ ಅವಳ ಸಂಸಾರ. ಗಂಡ ಹೋದ ಮೇಲೆ ಅಕ್ಕ ಇವಳ ಮನೆಗೆ ಬಂದು ಸೇರಿದ್ದಳು. ಇಬ್ಬರೂ ಬೆಳಿಗ್ಗೆ ಎದ್ದು ಜಗಳವಾಡಿ, ಸಂಜೆ ಅದನ್ನು ಮರೆತು, ಒಂದೇ ಮಂಚದ ಎರಡು ಕಡೆ ಕೂತು ಕಾಲು ಒತ್ತಿಕೊಳ್ಳುತ್ತಿದ್ದರು.

ಬ್ರೋಕರ್ ಆಗುವ ಮೊದಲು ಅವಳು ವಿಮಾ ಕಂಪನಿಯೊಂದರಲ್ಲಿ ಪರಿಹಾರ ವಿಭಾಗದ ಗುಮಾಸ್ತೆ. ಅಲ್ಲಿ ಅವಳ ಮೇಲಧಿಕಾರಿಯಾಗಿದ್ದವರನ್ನು ಅವಳು ಕೊನೆತನಕ 'ಸಾರ್' ಎಂದೇ ಕರೆದಳು. ಕೆಲಸ ಕಲಿಸಿದವರು ಅವರು. ಸೇರಿದ ಹೊಸದರಲ್ಲಿ ಅವಳು ಒಂದು ಕಡತ ತಪ್ಪಾಗಿ ಮುಚ್ಚಿದ್ದಳು. ಬೇರೆ ಯಾರಾಗಿದ್ದರೂ ಎಲ್ಲರೆದುರು ಮರ್ಯಾದೆ ತೆಗೆಯುತ್ತಿದ್ದರು. ಸಾರ್ ಅವಳನ್ನು ಪಕ್ಕಕ್ಕೆ ಕರೆದು ಕೂರಿಸಿ, "ನೋಡಮ್ಮ, ಪಾಲಿಸೀಲಿ ಕೊಡ್ತೀವಿ ಅಂತ ಬರೆದಿರೋದನ್ನ ಎಲ್ಲರೂ ಓದ್ತಾರೆ. ಯಾವಾಗ ಕೊಡಲ್ಲ ಅಂತ ಬರೆದಿರೋದನ್ನ ನೀನು ಓದು. ನಮ್ಮ ಕೆಲಸ ಇರೋದು ಅಲ್ಲಿ" ಎಂದಿದ್ದರು. ಅವಳು ಬ್ರೋಕರ್ ಪರೀಕ್ಷೆಗೆ ಕೂರಲು ಹೆದರಿದಾಗ ಫಾರಂ ತುಂಬಿಸಿದವರೂ ಅವರೇ. ಆಫೀಸಿನ ಬಾಗಿಲು ತೆರೆದ ದಿನ ಬಂದು, ಮೊದಲ ಗಿರಾಕಿಯಾಗಿ ತಮ್ಮ ಸ್ಕೂಟರಿನ ವಿಮೆ ಮಾಡಿಸಿಕೊಂಡು ಹೋಗಿದ್ದರು. ಅಪ್ಪನನ್ನು ಬೇಗ ಕಳೆದುಕೊಂಡಿದ್ದ ಅವಳಿಗೆ ಅವರ ಮಾತೆಂದರೆ ಮಾತು.

ಸಾರ್ ನಿವೃತ್ತರಾದ ಮೇಲೆ ಊರಿನ ಶಾಲೆಯೊಂದರ ಆಡಳಿತ ಸಮಿತಿಗೆ ಸಲಹೆಗಾರರಾಗಿ ಸೇರಿದ್ದರು. ಒಂದು ದಿನ ಅವರೇ ಫೋನು ಮಾಡಿದರು.

"ಮಕ್ಕಳಿಗೆಲ್ಲ ಸೇರಿಸಿ ಗುಂಪು ಅಪಘಾತ ವಿಮೆ ಮಾಡಿಸ್ಬೇಕಂತೆ ಕಣಮ್ಮ. ಯಾವುದೋ ಕಂಪನಿಯವರು ಶಾಲೆ ಅಧ್ಯಕ್ಷರ ಹತ್ರ ನೇರವಾಗಿ ಬಂದಿದ್ರು. ನಾನು ಬೇಡ ಅಂದೆ, ನಮ್ಮ ಹುಡುಗಿ ಇದ್ದಾಳೆ ಅಂದೆ. ಎರಡು ಮೂರು ಕಡೆಯಿಂದ ಕೊಟೇಶನ್ ತರಿಸಿ, ಹೋಲಿಸಿ, ಒಂದು ಟಿಪ್ಪಣಿ ಬರ್ಕೊಡು."

ಐವತ್ತು ದಾಟಿದ ಮೇಲೂ 'ನಮ್ಮ ಹುಡುಗಿ' ಎನ್ನಿಸಿಕೊಂಡದ್ದಕ್ಕೆ ಅವಳು ದಿನವಿಡೀ ಹಿಗ್ಗಿದಳು.

ಕೊಟೇಶನ್ ಕೇಳುವ ಮೊದಲು ಅವಳು ಶಾಲೆಗೆ ಹೋದಳು. ಆಫೀಸು ರೂಮಿಗಲ್ಲ, ಪ್ರಥಮ ಚಿಕಿತ್ಸೆಯ ಕೋಣೆಗೆ. ಅಲ್ಲಿ ಒಂದು ಕಬ್ಬಿಣದ ಮಂಚ, ಡೆಟಾಲ್ ವಾಸನೆ, ಕಿಟಕಿಯಲ್ಲಿ ಒಣಗಲು ಹಾಕಿದ ಬ್ಯಾಂಡೇಜು ಬಟ್ಟೆ. ಆಯಾ ಕುರ್ಚಿ ಎಳೆದು ಕೊಟ್ಟಳು.

"ಮಕ್ಕಳಿಗೆ ಸಾಮಾನ್ಯವಾಗಿ ಏನಾಗತ್ತೆ ಇಲ್ಲಿ?"

"ಏನಾಗತ್ತಮ್ಮ, ಬೀಳ್ತಾವೆ. ಮಣಿಕಟ್ಟು ಮುರ್ಕೊಳ್ತಾವೆ, ಹಲ್ಲು ಮುರ್ಕೊಳ್ತಾವೆ, ಹಣೆ ಒಡ್ಕೊಳ್ತಾವೆ. ಆ ಮೆಟ್ಟಿಲು ಇದೆಯಲ್ಲ, ಅದಕ್ಕೂ ಮಕ್ಕಳಿಗೂ ಏನೋ ಹಳೇ ವೈರ. ಹದಿನೈದು ದಿನ ಕೈಗೆ ಬಿಳೀ ಪಟ್ಟಿ ಹಾಕ್ಕೊಂಡು ಬರ್ತಾವೆ, ಆಮೇಲೆ ಅದೇ ಮೆಟ್ಟಿಲಿಂದ ಹಾರ್ತಾವೆ."

ಅಷ್ಟು ಅವಳಿಗೆ ಸಾಕಿತ್ತು.

ಮೂರು ಕಂಪನಿಗಳಿಂದ ಕೊಟೇಶನ್ ಬಂತು. ಮೂರನೆಯದು ಆಟೋಟದ ಗಾಯವನ್ನೇ ಹೊರಗಿಟ್ಟಿತ್ತು. ಅದನ್ನು ಪಕ್ಕಕ್ಕಿಡಲು ಹೆಚ್ಚು ಯೋಚಿಸಬೇಕಾಗಿರಲಿಲ್ಲ. ಉಳಿದದ್ದು ಎರಡು. ಮೊದಲನೆಯದರ ಪ್ರೀಮಿಯಂ ಎಲ್ಲಕ್ಕಿಂತ ಅಗ್ಗ, ಸಾವಿಗೂ ಶಾಶ್ವತ ಅಂಗವೈಕಲ್ಯಕ್ಕೂ ಕೊಡುವ ಮೊತ್ತ ಎಲ್ಲಕ್ಕಿಂತ ದೊಡ್ಡದು, ಜೊತೆಗೆ 'ವೈದ್ಯಕೀಯ ವೆಚ್ಚವೂ ಸೇರಿದೆ' ಎಂಬ ಸಾಲು. ಎರಡನೆಯದು ಸ್ವಲ್ಪ ದುಬಾರಿ, ದೊಡ್ಡ ಮೊತ್ತ ಕಡಿಮೆ. ಮೇಲಿಂದ ನೋಡಿದರೆ ಯಾರಾದರೂ ಮೊದಲನೆಯದನ್ನೇ ಎತ್ತಿಕೊಳ್ಳುತ್ತಾರೆ.

ಷರತ್ತಮ್ಮ ಕೆಳಗಿಂದ ನೋಡಿದಳು. ಮೊದಲನೆಯ ಕಂಪನಿ ವೈದ್ಯಕೀಯ ವೆಚ್ಚ ಕೊಡುವುದು ನಿಜ. ಆದರೆ ಸಾವಿನದೋ ಶಾಶ್ವತ ಅಂಗವೈಕಲ್ಯದ್ದೋ ಪರಿಹಾರ ಮಂಜೂರಾದರೆ ಮಾತ್ರ, ಅದರ ಒಂದು ಪಾಲಿನಷ್ಟು. ಮುಖ್ಯ ಪರಿಹಾರ ಇಲ್ಲ ಎಂದರೆ ಆಸ್ಪತ್ರೆಯ ಖರ್ಚೂ ಇಲ್ಲ. ಎರಡನೆಯ ಕಂಪನಿ ಹಾಗಲ್ಲ. ಅಂಗವೈಕಲ್ಯ ಇರಲಿ ಬಿಡಲಿ, ಅಪಘಾತದ ಚಿಕಿತ್ಸೆಗೆ ಒಂದು ಮಿತಿಯವರೆಗೆ ಬಿಲ್ಲು ನೋಡಿ ಕೊಡುತ್ತದೆ, ಆಸ್ಪತ್ರೆಯಲ್ಲಿ ಮಲಗದೆ ಪಟ್ಟಿ ಹಾಕಿಸಿಕೊಂಡು ಬಂದರೂ.

ಅವಳು ಟಿಪ್ಪಣಿಯನ್ನು ಎರಡು ಹಾಳೆಗಳಲ್ಲಿ ಬರೆದಳು. ಮೊದಲ ಹಾಳೆಯಲ್ಲಿ ಮೂರು ಕಂಪನಿಗಳ ಪಟ್ಟಿ: ಪ್ರೀಮಿಯಂ ಎಷ್ಟು, ಯಾವುದಕ್ಕೆ ಎಷ್ಟು ಮೊತ್ತ, ಯಾವ ಹೊತ್ತಿನಲ್ಲಿ, ಎಲ್ಲಿ ಆದ ಅಪಘಾತಕ್ಕೆ ಅನ್ವಯ. ಎರಡನೆಯ ಹಾಳೆಯಲ್ಲಿ ಷರತ್ತು, ಶಿಫಾರಸು. ಅದರಲ್ಲಿ ಅವಳ ಕಣ್ಣಿಗೇ ಖುಷಿ ಕೊಟ್ಟ ಎರಡು ಸಾಲುಗಳಿದ್ದವು: 'ಶಾಲೆಯ ಮಕ್ಕಳಿಗೆ ಆಗುವ ಗಾಯಗಳಲ್ಲಿ ಬಹುಪಾಲು ವಾಸಿಯಾಗುವಂಥವು. ಮೊದಲನೆಯ ಕಂಪನಿ ವಾಸಿಯಾಗುವ ಗಾಯಕ್ಕೆ ಏನನ್ನೂ ಕೊಡುವುದಿಲ್ಲ.' ಆದ್ದರಿಂದ ಎರಡನೆಯದನ್ನು ಆರಿಸಿಕೊಳ್ಳುವುದು ಒಳಿತು ಎಂದು ಮುಗಿಸಿದ್ದಳು. ಕೊನೆಯಲ್ಲಿ, ಮೂರೂ ಕಂಪನಿಗಳಿಂದ ತನಗೆ ಸಿಗುವ ಕಮಿಷನ್ನಿನ ದರ ಒಂದೇ, ಮೊತ್ತದಲ್ಲೂ ಹೆಚ್ಚು ವ್ಯತ್ಯಾಸವಿಲ್ಲ ಎಂದೂ ಬರೆದಳು.

ಸಾರ್ ಮನೆಗೆ ಹೋಗಿ ಕೈಯಾರೆ ಕೊಟ್ಟಳು. ಅವರು ಪಡಸಾಲೆಯ ದೀಪದ ಕೆಳಗೆ ಕೂತು ಎರಡೂ ಹಾಳೆ ಓದಿದರು.

"ಚೆನ್ನಾಗಿ ಹಿಡಿದಿದ್ದೀಯ. ನಾನಾಗಿದ್ರೂ ಇದನ್ನೇ ಹೇಳ್ತಿದ್ದೆ" ಎಂದರು. ಸ್ವಲ್ಪ ತಡೆದು, "ಆದ್ರೆ ಅಧ್ಯಕ್ಷರಿಗೆ ಅಗ್ಗದ್ದೇ ಬೇಕು. ಶುಲ್ಕ ಏರಿಸಲ್ಲ ಅಂತ ಪೋಷಕರಿಗೆ ಮಾತು ಕೊಟ್ಬಿಟ್ಟಿದ್ದಾರೆ. ಈ ವಾಸಿಯಾಗೋ ಗಾಯದ ಮಾತು ಸ್ವಲ್ಪ ಮೆತ್ತಗೆ ಬರೀಬಹುದಾ?"

"ಮೆತ್ತಗೆ ಬರೆದ್ರೆ ಅವರಿಗೆ ಗೊತ್ತಾಗಲ್ಲ ಸಾರ್. ಗೊತ್ತಿದ್ದೂ ಅಗ್ಗದ್ದು ತಗೊಳ್ಳಲಿ, ಅದು ಅವರಿಷ್ಟ. ಸಭೆಗೆ ನಾನೇ ಬಂದು ಹೇಳ್ತೀನಿ."

"ನೀನ್ಯಾಕೆ ಬರ್ತೀಯ? ಅಲ್ಲಿ ಮಾತಿಗೆ ಮಾತು ಬೆಳೆಯತ್ತೆ. ನಾನಿದ್ದೀನಲ್ಲ."

ನಾನಿದ್ದೀನಲ್ಲ ಎಂಬ ಮಾತಿನ ಮೇಲೆ ಅವಳು ಮನೆಗೆ ಹೋಗಿ ನಿಶ್ಚಿಂತೆಯಿಂದ ಮಲಗಿದಳು.

ಸಭೆಯಾಯಿತು. ಮಾರನೆಯ ದಿನ ಶಾಲೆಯ ಗುಮಾಸ್ತರು ಫೋನು ಮಾಡಿ, ಸಮಿತಿ ಮೊದಲನೆಯ ಕಂಪನಿಯನ್ನೇ ಒಪ್ಪಿದೆ ಎಂದರು. ಅವಳಿಗೆ ಬೇಸರವಾಯಿತು, ಆಶ್ಚರ್ಯವಾಗಲಿಲ್ಲ. ತಿಳಿದೂ ಒಪ್ಪಿದ್ದಾರೆ, ಆಯಿತು ಎಂದುಕೊಂಡಳು. ಆದರೂ ಸಾರ್‌ಗೆ ಫೋನು ಹಚ್ಚಿ, "ನನ್ನ ಶಿಫಾರಸು ಓದಿ, ಅದನ್ನ ಬಿಟ್ಟು ಬೇರೇದು ಆರಿಸ್ಕೊಂಡಿದ್ದೀವಿ ಅಂತ ಸಮಿತಿಯಿಂದ ಎರಡು ಸಾಲು ಬರೆಸಿಕೊಡಿ ಸಾರ್" ಎಂದಳು. ಸಾರ್ ನಕ್ಕರು. "ನಮ್ಮ ನಮ್ಮಲ್ಲೇ ಕಾಗದ ಯಾಕಮ್ಮ? ನನ್ನ ಮೇಲೆ ನಂಬಿಕೆ ಇಲ್ವಾ?" ಬೇರೆ ಯಾವ ಗಿರಾಕಿ ಹೀಗೆಂದಿದ್ದರೂ ಅವಳು ಬಿಡುತ್ತಿರಲಿಲ್ಲ. ನಾಲಿಗೆ ಕಚ್ಚಿಕೊಂಡು ಸುಮ್ಮನಾದಳು. ಪಾಲಿಸಿ ಬಂತು.

ಮಳೆಗಾಲ ಮುಗಿಯುವ ಹೊತ್ತಿಗೆ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ಕತ್ತಿನಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು, ತೆಗೆಯುವುದನ್ನು ಮರೆತು ಬಂದಿದ್ದಳು. ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದವಳು. ಏಳನೇ ತರಗತಿಯಲ್ಲಿ ಓದುತ್ತಿದ್ದ ಮಗಳು ಶಾಲೆಯ ಮೆಟ್ಟಿಲಿಂದ ಬಿದ್ದು ಮೊಣಕೈ ಮುರಿದುಕೊಂಡಿದ್ದಳು. ಆಪರೇಷನ್ ಮಾಡಿ ಒಳಗೆ ತಂತಿ ಹಾಕಿದ್ದರು.

"ಶಾಲೇಲಿ ನಿಮ್ಮ ಹೆಸರು ಹೇಳಿದ್ರು ಅಕ್ಕ. ವಿಮೆ ಮಾಡಿಸಿದ್ದು ನೀವಂತೆ. ಆಸ್ಪತ್ರೆ ಖರ್ಚೂ ಸೇರಿದೆ ಅಂತ ನೀವೇ ಬರ್ಕೊಟ್ಟಿದ್ದೀರಂತೆ. ಎಲ್ಲಿ ಸೈನ್ ಹಾಕ್ಬೇಕು ಹೇಳಿ."

ಚೀಲದಿಂದ ಬಿಲ್ಲುಗಳ ಜೊತೆ, ಶಾಲೆ ಪೋಷಕರಿಗೆ ಕಳುಹಿಸಿದ್ದ ಸುತ್ತೋಲೆಯನ್ನೂ ತೆಗೆದು ಮೇಜಿನ ಮೇಲಿಟ್ಟಳು. 'ವಿಮಾ ಬ್ರೋಕರ್ ಅವರ ಶಿಫಾರಸಿನಂತೆ' ಎಂದು ಶುರುವಾಗಿ, 'ವೈದ್ಯಕೀಯ ವೆಚ್ಚವೂ ಸೇರಿದೆ' ಎಂದು ಮುಗಿದಿತ್ತು ಅದು.

ಷರತ್ತಮ್ಮ ಆ ಸಾಲುಗಳನ್ನು ಎರಡು ಸಲ ಓದಿದಳು. ಒಂದು ಲೋಟ ನೀರು ಕೊಟ್ಟು, ತಾನೂ ಕುಡಿದು, ಇದ್ದದ್ದನ್ನು ಇದ್ದಂತೆ ಹೇಳಿದಳು. ಈ ಪಾಲಿಸಿಯಲ್ಲಿ ಕೈಗೆ ಶಾಶ್ವತ ಊನ ಆಗಿದೆ ಎಂದು ಡಾಕ್ಟರು ಸರ್ಟಿಫಿಕೇಟು ಕೊಟ್ಟರೆ ಮಾತ್ರ ಪರಿಹಾರ ಸಿಗುತ್ತದೆ. ಅದು ಸಿಕ್ಕರೆ ಆಸ್ಪತ್ರೆ ಖರ್ಚಿನ ಒಂದು ಪಾಲೂ ಬರುತ್ತದೆ. ಕೈ ಪೂರ್ತಿ ವಾಸಿಯಾದರೆ ಏನೂ ಇಲ್ಲ.

ಹೊಲಿಗೆಯವಳು ಬಿಲ್ಲುಗಳನ್ನು ಒಂದೊಂದಾಗಿ ಮಡಿಸಿದಳು.

"ಹಾಗಾದ್ರೆ ನನ್ನ ಮಗಳ ಕೈ ಸರಿಯಾಗ್ಬಾರ್ದು ಅಂತ ಬೇಡ್ಕೊಳ್ಬೇಕಾ ನಾನು?"

ಷರತ್ತಮ್ಮ ಕಪಾಟಿನಿಂದ ಒಂದು ಫಾರಂ ತೆಗೆದಳು. ಅಪಘಾತದ ಸುದ್ದಿಯನ್ನು ಕಂಪನಿಗೆ ತಿಳಿಸುವ ಕಾಗದಕ್ಕೆ ಸಹಿ ಹಾಕಿಸಿಕೊಂಡಳು. ನಾಳೆ ಕೈ ಮಡಚಲು ಆಗದಿದ್ದರೆ, ಹೊತ್ತಿಗೆ ಸರಿಯಾಗಿ ತಿಳಿಸಲಿಲ್ಲ ಎಂಬ ನೆಪ ಕಂಪನಿಗೆ ಸಿಗಬಾರದು. ಆಮೇಲೆ ಬಾಗಿಲು ಹಾಕಿ ನೇರ ಶಾಲೆಗೆ ನಡೆದಳು.

ಅಧ್ಯಕ್ಷರು ಮರದ ವ್ಯಾಪಾರಿ. ದೊಡ್ಡ ಗಂಟಲು, ಒಳ್ಳೆಯ ಮನಸ್ಸು, ಅವಸರದ ಸ್ವಭಾವ. ಶಾಲೆಯ ಆಫೀಸಿನಲ್ಲಿ ಕೂತು ಬೆಂಚುಗಳ ಲೆಕ್ಕ ನೋಡುತ್ತಿದ್ದರು.

"ನನ್ನ ಟಿಪ್ಪಣೀಲಿ ಬೇಡ ಅಂತ ಬರೆದಿದ್ದನ್ನ, ನನ್ನ ಶಿಫಾರಸು ಅಂತ ಪೋಷಕರಿಗೆ ಯಾಕೆ ಕಳಿಸಿದ್ರಿ?" ಎಂದು ನಿಂತುಕೊಂಡೇ ಕೇಳಿದಳು.

"ಬೇಡ ಅಂತ ಎಲ್ಲಿ ಬರೆದಿದ್ರಿ?" ಅಧ್ಯಕ್ಷರು ಗುಮಾಸ್ತರಿಂದ ಸಭೆಯ ಕಡತ ತರಿಸಿದರು. ಅದರಲ್ಲಿದ್ದದ್ದು ಮೊದಲ ಹಾಳೆ ಒಂದೇ.

"ಇನ್ನೊಂದು ಹಾಳೆ ಇತ್ತು."

"ನಮ್ಮ ಕೈಗೆ ಬಂದಿದ್ದು ಇಷ್ಟೇ ಮೇಡಂ. ನಾನು ಕೇಳಿದೆ, ಬ್ರೋಕರ್ ಏನಂತಾರೆ ಅಂತ. ನಿಮ್ಮ ಸಾಹೇಬರು ಹೇಳಿದ್ರು, 'ಅವಳದೂ ಇದಕ್ಕೇ ಒಪ್ಪಿಗೆ' ಅಂತ." ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಇನ್ನೊಂದು ಮಾತೂ ಹೇಳಿದ್ರು. ಹೇಳ್ಬಾರ್ದೇನೋ. ಮೊದಲು ನೀವು ದುಬಾರೀದು ಹೇಳಿದ್ರಂತೆ, ಅದರಲ್ಲಿ ನಿಮ್ಮ ಕಮಿಷನ್ ಜಾಸ್ತಿ ಅಂತ. ಅವರು ಬುದ್ಧಿ ಹೇಳಿದ ಮೇಲೆ ಇದಕ್ಕೆ ಬಂದ್ರಂತೆ."

ಕಾಲ ಕೆಳಗಿನ ನೆಲ ಜಾರಿದಂತಾಯಿತು ಎಂದು ಜನ ಹೇಳುವುದನ್ನು ಅವಳು ಕೇಳಿದ್ದಳು. ಅವಳಿಗೆ ಹಾಗಾಗಲಿಲ್ಲ. ನೆಲ ಗಟ್ಟಿಯಾಗೇ ಇತ್ತು. ಕೋಣೆಯಲ್ಲಿದ್ದ ಪ್ರತಿಯೊಂದು ಸಾಮಾನೂ ಕಣ್ಣಿಗೆ ಚುಚ್ಚುವಷ್ಟು ಸ್ಪಷ್ಟವಾಗಿ ಕಂಡಿತು: ಗೋಡೆಯ ಗಡಿಯಾರ, ಗೋಂದಿನ ಡಬ್ಬ, ಅಧ್ಯಕ್ಷರ ಅಂಗಿಯ ಬಿಚ್ಚಿಹೋದ ಗುಂಡಿ. ಕಳ್ಳಿ ಎಂದಿದ್ದರೂ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ. ಅವಳ ಇಡೀ ಬದುಕಿನಲ್ಲಿ ಯಾರಿಗೂ ಅನ್ನಲು ಆಸ್ಪದ ಕೊಡದ ಒಂದೇ ಮಾತು, ಕಮಿಷನ್ನಿನಾಸೆ. ಅದನ್ನೇ ಹುಡುಕಿ ಅಂದಿದ್ದರು, ಅವಳನ್ನು ಚೆನ್ನಾಗಿ ಬಲ್ಲವರು.

ಸಾರ್ ಮನೆಯ ಅಂಗಳದಲ್ಲಿ ಹೂಕುಂಡಗಳಿಗೆ ನೀರು ಹಾಕುತ್ತಿದ್ದರು. ಅವಳ ಮುಖ ನೋಡಿ ಚೊಂಬನ್ನು ಕೆಳಗಿಟ್ಟರು.

"ಎರಡನೇ ಹಾಳೆ ಏನಾಯ್ತು ಸಾರ್?"

"ಒಳಗೆ ಬಾ, ಕೂತು ಮಾತಾಡೋಣ."

"ಇಲ್ಲೇ ಹೇಳಿ."

ಅವರು ಅಂಗಳದ ಕಟ್ಟೆಯ ಮೇಲೆ ಕೂತರು. "ಅಧ್ಯಕ್ಷರಿಗೆ ಎದುರಾಡೋ ಹೊತ್ತಾಗಿರಲಿಲ್ಲ ಕಣಮ್ಮ ಅದು. ಮೊಮ್ಮಗನ ಸೀಟಿನ ಅರ್ಜಿ ಅವರ ಮುಂದೆ ಇತ್ತು. ಅವನಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಮಗಳು ದಿನಾ ಅಳ್ತಿದ್ಲು."

"ಸೀಟಿಗೋಸ್ಕರ ಅಂತ ನನಗೆ ಹೇಳಿದ್ರೆ ನಾನೇ ಅಧ್ಯಕ್ಷರ ಕಾಲು ಹಿಡೀತಿದ್ದೆ."

"ಟಿಪ್ಪಣಿ ಮಾತ್ರ ಬದಲಾಯಿಸ್ತಿರಲಿಲ್ಲ. ಅದು ಗೊತ್ತಿದ್ದಕ್ಕೇ ಕೇಳಲಿಲ್ಲ."

"ಕಮಿಷನ್ ಮಾತು?"

ಸಾರ್ ಮುಖ ಆಚೆ ತಿರುಗಿಸಿದರು. "ಯಾರೋ ಸದಸ್ಯರು ಕೇಳಿದ್ರು, ಮೊದಲು ದುಬಾರೀದು ಅಂದಿದ್ರಂತಲ್ಲ ಅಂತ. ನಾನೇ ಯಾವಾಗಲೋ ಬಾಯಿ ಬಿಟ್ಟಿದ್ದೆ. ಏನೋ ಒಂದು ಹೇಳಿ ಮುಚ್ಚಬೇಕಿತ್ತು. ಬಾಯಿಗೆ ಬಂದಿದ್ದು ಅದು. ಮಗು ಬೀಳತ್ತೆ ಅಂತ ನಾನು ಕನಸು ಕಂಡಿದ್ನಾ?"

"ಮಕ್ಕಳು ಬೀಳ್ತಾರೆ ಸಾರ್. ಅದಕ್ಕೇ ಅಲ್ವಾ ವಿಮೆ?"

ಕ್ಷಮಿಸು ಎನ್ನುತ್ತಾರೇನೋ ಎಂದು ಅವಳು ಕಾದಳು. ಕಾದದ್ದಕ್ಕೆ ತನ್ನ ಮೇಲೇ ಅವಳಿಗೆ ಸಿಟ್ಟು ಬಂತು. ಕೊನೆಗೆ ಅವರೆಂದದ್ದು ಇಷ್ಟು: "ಇದನ್ನ ಸಮಿತಿ ಮುಂದೆ ತರಬೇಡ. ಈ ವಯಸ್ಸಲ್ಲಿ ನನ್ನ ಮರ್ಯಾದೆ ಹೋಗತ್ತೆ."

ತನ್ನ ಮರ್ಯಾದೆಯ ಮಾತನ್ನು ಅವಳು ಎತ್ತಲಿಲ್ಲ. ಗೇಟು ತೆರೆದು ಹೊರಟಳು.

ಆ ವಾರದ ಸಮಿತಿ ಸಭೆಗೆ ಅವಳು ಎರಡೂ ಹಾಳೆಗಳ ಪ್ರತಿ ಹಿಡಿದು ಹೋದಳು. ಸಾರ್ ಬಂದಿರಲಿಲ್ಲ, ಮೈಗೆ ಹುಷಾರಿಲ್ಲ ಎಂದು ಹೇಳಿ ಕಳುಹಿಸಿದ್ದರು. ಅವಳು ಯಾರನ್ನೂ ದೂರಲಿಲ್ಲ. ಎರಡನೆಯ ಹಾಳೆ ಓದಿದಳು. ಆದ ಅಪಘಾತಕ್ಕೆ ಈಗ ಹೊಸ ವಿಮೆ ಮಾಡಿಸಿ ಪರಿಹಾರ ತರಲಾಗದು ಎಂದಳು. ಮುಂದೆ ಬೀಳುವ ಮಕ್ಕಳಿಗೋಸ್ಕರ ಈ ಪಾಲಿಸಿ ರದ್ದು ಮಾಡಿ, ಎರಡನೆಯ ಕಂಪನಿಗೆ ಬದಲಾಯಿಸಬಹುದು, ಮುಗಿಯದ ತಿಂಗಳುಗಳ ಪ್ರೀಮಿಯಂನಲ್ಲಿ ಒಂದು ಭಾಗ ವಾಪಸು ಬರುತ್ತದೆ ಎಂದಳು. ಕೈ ಮುರಿದ ಹುಡುಗಿಯ ಆಸ್ಪತ್ರೆ ಖರ್ಚು ಶಾಲೆಯೇ ಭರಿಸಬೇಕು, ಯಾಕೆಂದರೆ ಸೇರಿದೆ ಎಂದು ಸುತ್ತೋಲೆ ಕಳುಹಿಸಿದ್ದು ಶಾಲೆ.

ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬರು, "ಹೋಗ್ಲಿ ಬಿಡಿ, ಏನೋ ಹಾಳೆ ಹೆಚ್ಚುಕಡಿಮೆ ಆಗಿದೆ" ಎಂದರು. ಹಾಳೆ ತಾನಾಗೇ ಕಡಿಮೆಯಾಗಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾರೂ ಸಾರ್ ಹೆಸರೆತ್ತಲಿಲ್ಲ. ಅಧ್ಯಕ್ಷರು ಮೇಜು ಗುದ್ದಿ, ಖರ್ಚು ಶಾಲೆ ಕೊಡುತ್ತದೆ, ಪಾಲಿಸಿ ಬದಲಾಯಿಸಿ ಎಂದರು. ಎರಡೂ ಆಯಿತು. ಹುಡುಗಿಯ ಕೈ ನಿಧಾನವಾಗಿ ಮಡಚತೊಡಗಿತು. ಅವಳಮ್ಮ ಒಂದು ದಿನ ಬಂದು, "ಪೂರ್ತಿ ನೆಟ್ಟಗಾಯ್ತು ಅಕ್ಕ, ನಿಮ್ಮ ಕಂಪನಿಗೆ ಉಳೀತು" ಎಂದು ನಗುತ್ತಾ ಹೇಳಿದಳು. ಆ ನಗುವಿನ ತುದಿಗೆ ಸಣ್ಣ ಮುಳ್ಳಿತ್ತು. ಅದು ಹೊಲಿಗೆಯವಳ ತಪ್ಪೇನೂ ಅಲ್ಲ. ಷರತ್ತಮ್ಮನ ಹೆಸರಿನ ಸುತ್ತೋಲೆ ಅವಳ ಮನೆಯಲ್ಲೂ ಇತ್ತಲ್ಲ.

ವರ್ಷ ತಿರುಗಿತು. ನವೀಕರಣದ ಹೊತ್ತಿಗೆ ಶಾಲೆಯಿಂದ ಫೋನು ಬರಲಿಲ್ಲ. ಅವಳೇ ವಿಚಾರಿಸಿದಾಗ ಅಧ್ಯಕ್ಷರು ಖುದ್ದಾಗಿ ಮಾತಾಡಿದರು. "ನೀವು ಸರಿ ಮೇಡಂ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನೀವು ಬಂದ್ರೆ ಸಾಹೇಬರು ಸಭೆಗೆ ಬರಲ್ಲ. ಅವರು ಹಿರಿಯರು. ಅದಕ್ಕೆ ಬೇರೆಯವರಿಗೆ ಕೊಟ್ಟಿದ್ದೀವಿ. ತಪ್ಪು ತಿಳ್ಕೋಬೇಡಿ."

ಅವಳು ತಪ್ಪು ತಿಳಿಯಲಿಲ್ಲ. ಸರಿಯಾಗಿಯೇ ತಿಳಿದಳು. ಸಾರ್ ಸಲಹೆಗಾರರಾಗಿ ಉಳಿದರು. ಮೊಮ್ಮಗ ಅದೇ ಶಾಲೆಯಲ್ಲಿ ಓದುತ್ತಿದ್ದ. ಹೊರಗುಳಿದವಳು ಅವಳು.

ಕೆಲವು ವಾರದ ನಂತರ ಸಾರ್ ಮಹಡಿ ಹತ್ತಿ ಬಂದರು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಕೈಯಲ್ಲಿ ಹೊಸ ಬ್ರೋಕರ್ ಬರೆದ ಟಿಪ್ಪಣಿ.

"ಇದನ್ನ ಒಂಚೂರು ನೋಡಮ್ಮ. ಅಧ್ಯಕ್ಷರಿಗೆ ಈಗ ಯಾವ ಕಾಗದ ನೋಡಿದ್ರೂ ಅನುಮಾನ. ನನ್ನ ಕಣ್ಣಿಗೆ ಸಣ್ಣ ಅಕ್ಷರ ಕಾಣಲ್ಲ. ನಿನ್ನಷ್ಟು ಚೆನ್ನಾಗಿ ಇನ್ನಾರು ನೋಡ್ತಾರೆ?"

ಆ ಹೊಗಳಿಕೆ ಒಂದು ಕಾಲಕ್ಕೆ ಅವಳ ಹೊಟ್ಟೆ ತುಂಬಿಸುತ್ತಿತ್ತು. ಅವಳು ಕಾಗದ ಮುಟ್ಟಲಿಲ್ಲ.

"ಅಧ್ಯಕ್ಷರು ಕೇಳಲಿ, ನೋಡಿ ಹೇಳ್ತೀನಿ. ನಿಮ್ಮ ಕೈಯಿಂದ ನಾನು ಯಾವ ಹಾಳೇನೂ ತಗೊಳ್ಳಲ್ಲ. ನಿಮ್ಮ ಕೈಗೆ ಯಾವ ಹಾಳೇನೂ ಕೊಡಲ್ಲ."

"ಇಷ್ಟು ವರ್ಷದ ಋಣ ಒಂದು ಹಾಳೇಲಿ ಹರಿದೋಯ್ತಾ?"

"ಹಾಳೆ ಅಲ್ಲ ಸಾರ್. ನನಗೆ ದುಡ್ಡಿನಾಸೆ ಅಂತ ಹೇಳಿದ್ರಲ್ಲ. ಅದನ್ನ ನೀವು ನಂಬಿ ಹೇಳಿದ್ದಿದ್ರೆ ಹೇಗೋ ಮರೀತಿದ್ದೆ. ಸುಳ್ಳು ಅಂತ ಗೊತ್ತಿದ್ದೂ ಹೇಳಿದ್ರಿ."

ಅವರು ಕಾಗದವನ್ನು ಜೇಬಿಗಿಟ್ಟು, ಪಕ್ಕದ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲಿಳಿದರು. ಬೀಳಬಾರದಲ್ಲ ಎಂದು ಅವಳ ಕಿವಿ ಆ ಸದ್ದಿನ ಹಿಂದೆಯೇ ಇತ್ತು. ಕೆಳಗೆ ಕನ್ನಡಕದವನು ಅವರನ್ನು ಮಾತಾಡಿಸಿದ್ದು ಕೇಳಿಸಿದ ಮೇಲೆ ಅವಳು ಶಾಲೆಯ ಗುಮಾಸ್ತರಿಗೆ ಫೋನು ಮಾಡಿ, ಶಾಶ್ವತ ಊನ ಇಲ್ಲದಿದ್ದರೂ ಚಿಕಿತ್ಸೆಯ ಖರ್ಚು ಕೊಡುತ್ತಾರಾ ಎಂದು ಹೊಸ ಬ್ರೋಕರನ್ನು ಕೇಳಿ, ಉತ್ತರ ಬರೆಸಿಕೊಳ್ಳಲು ಅಧ್ಯಕ್ಷರಿಗೆ ತಿಳಿಸಿ ಎಂದಳು. ಯಾರು ಹೇಳಿದ್ದು ಎನ್ನಲಿ ಎಂದು ಗುಮಾಸ್ತರು ಕೇಳಿದರು. ಯಾರೂ ಅಲ್ಲ ಅನ್ನಿ ಎಂದಳು.

ಸಂಜೆ ಮನೆಗೆ ಹೋದಾಗ ಅಕ್ಕ ತಟ್ಟೆ ಇಟ್ಟುಕೊಂಡು ಕಾಯುತ್ತಿದ್ದಳು. ನಡೆದದ್ದನ್ನೆಲ್ಲ ಕೇಳಿಸಿಕೊಂಡು, "ಕಾಗದ ಮುಖದ ಮೇಲೆ ಎಸೀಬೇಕಿತ್ತು. ನಾನಾಗಿದ್ರೆ ಚೊಂಬು ಎಸೀತಿದ್ದೆ" ಎಂದಳು.

"ಅಪ್ಪ ಅಂದ್ಕೊಂಡಿದ್ದೆ ಅಕ್ಕ."

"ಗೊತ್ತು ಕಣೇ."

ಅಕ್ಕ ಬಡಿಸಿದಳು. ತಂಗಿ ಅನ್ನದಲ್ಲಿ ಬೆರಳಾಡಿಸುತ್ತಾ ಕೂತಳು. ಅಕ್ಕ ಇನ್ನೇನೂ ಕೇಳದೆ, ಅವಳ ಬೆನ್ನ ಮೇಲೆ ಎಡಗೈ ಇಟ್ಟುಕೊಂಡೇ ತನ್ನ ಊಟ ಮಾಡಿದಳು.